ಜೇಬಿನ ಶಾಯಿ ಎಲ್ಲಿಗೆ ಹೋಗುತ್ತೆ?

ಕ್ಯಾಪ್ ಹಾಕದ ಬಾಲ್‌ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಿರಿ. ಮಧ್ಯಾಹ್ನ ನೋಡಿದರೆ ಬಿಳಿ ಅಂಗಿಯ ಮೇಲೆ ನೀಲಿ ಕಲೆ! ಕೂಡಲೇ ನಲ್ಲಿಗೆ ಓಡಿ ನೀರು ಹಾಕಿ ಉಜ್ಜಿದಿರಿ. ಕಲೆ ಹೋಗಲಿಲ್ಲ. ಯಾಕೆ?

ಬಾಲ್‌ಪೆನ್ನಿನ ಶಾಯಿ ನೀರಿನ ಶಾಯಿಯಲ್ಲ. ಅದರಲ್ಲಿ ಬಣ್ಣದ ಜೊತೆ ಎಣ್ಣೆಯಂಥ ಮಂದ ದ್ರವವೂ ಅಂಟಿನಂಥ ರಾಳವೂ ಇರುತ್ತವೆ. ನೀರು ಅವನ್ನು ಸರಿಯಾಗಿ ಕರಗಿಸಲಾರದು. ಆಲ್ಕೋಹಾಲು ಕರಗಿಸಬಲ್ಲದು. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 60ರಿಂದ 70 ಪಾಲು ಆಲ್ಕೋಹಾಲು ಇರುವುದರಿಂದ ಅದು ಈ ಕೆಲಸಕ್ಕೆ ಆಗುತ್ತೆ.

ಆದರೆ ಒಂದು ಮಾತು ನೆನಪಿಡಿ. ಆಲ್ಕೋಹಾಲು ಬಣ್ಣವನ್ನು ನಾಶ ಮಾಡುವುದಿಲ್ಲ, ಕರಗಿಸುತ್ತದೆ ಅಷ್ಟೇ. ಕರಗಿದ ಬಣ್ಣಕ್ಕೆ ಹೋಗಲು ಒಂದು ಜಾಗ ಬೇಕು. ಜಾಗ ಕೊಡದೆ ಉಜ್ಜಿದರೆ ಅದು ಅಂಗಿಯ ನೂಲುಗಳ ನಡುವೆಯೇ ಹರಡಿ, ಸಣ್ಣ ಚುಕ್ಕೆ ದೊಡ್ಡ ನೀಲಿ ಮೋಡವಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ಮನೆಯ ಹಿರಿಯರನ್ನು ಜೊತೆಗೆ ಕರೆಯಿರಿ. ಆಲ್ಕೋಹಾಲಿಗೆ ಬೇಗ ಬೆಂಕಿ ಹತ್ತುತ್ತದೆ. ಒಲೆ, ದೀಪ ದೂರವಿರಲಿ, ಕಿಟಕಿ ತೆರೆದಿರಲಿ. ಹಳೆಯ ಬಿಳಿ ಹತ್ತಿಬಟ್ಟೆಯನ್ನು ಮಡಚಿ ಜೇಬಿನ ಒಳಗೇ ಇಡಿ. ಇಡದಿದ್ದರೆ ಬಣ್ಣ ಜೇಬಿನ ಹಿಂದಿನ ಅಂಗಿಗೂ ಇಳಿಯುತ್ತೆ. ಕಲೆಯ ಮೇಲೆ ನಾಲ್ಕೈದು ಹನಿ ಸ್ಯಾನಿಟೈಸರ್ ಹಾಕಿ, ಇನ್ನೊಂದು ಬಿಳಿ ಬಟ್ಟೆಯಿಂದ ಅಂಚಿನಿಂದ ನಡುವಿಗೆ ಮೆಲ್ಲಗೆ ಒತ್ತಿ. ಉಜ್ಜಬೇಡಿ. ಬಟ್ಟೆಗೆ ನೀಲಿ ಹತ್ತಿತೇ? ಅದು ಅಂಗಿಯಿಂದ ಹೊರಬಂದ ಶಾಯಿ. ಎರಡೂ ಬಟ್ಟೆಗಳ ಶುಭ್ರ ಭಾಗವನ್ನು ತಿರುಗಿಸಿಟ್ಟು ಮತ್ತೆ ಹನಿ ಹಾಕಿ. ನೀಲಿ ಹತ್ತುವುದು ನಿಂತ ಮೇಲೆ ಸೋಪು ಹಾಕಿ ತಣ್ಣೀರಲ್ಲಿ ಒಗೆಯಿರಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ. ಬಿಸಿ ತಗುಲಿದರೆ ಉಳಿದ ಶಾಯಿ ಗಟ್ಟಿಯಾಗಿ ಕೂತುಬಿಡುತ್ತದೆ.

ಯೂನಿಫಾರ್ಮಿನ ಬಿಳಿ ಹತ್ತಿ, ಟೆರಿಕಾಟ್ ಬಟ್ಟೆಗಳಿಗೆ ಆಲ್ಕೋಹಾಲಿನಿಂದ ತೊಂದರೆಯಿಲ್ಲ. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ, ಬಿಳಿ ಬಟ್ಟೆ ಒತ್ತಿ ನೋಡಿ. ಬಟ್ಟೆಯದೇ ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ರೇಷ್ಮೆಯಲ್ಲಿ ಈ ಭಯ ಹೆಚ್ಚು.

ನೇಲ್‌ಪಾಲಿಶ್ ಅಳಿಸುವ ದ್ರವ ಹಾಕಬಹುದಾ? ಅವಸರ ಬೇಡ. ಅಂಥ ಅನೇಕ ದ್ರವಗಳಲ್ಲಿ ಅಸಿಟೋನ್ ಇರುತ್ತದೆ. ಹತ್ತಿ, ಪಾಲಿಯೆಸ್ಟರ್ ಅದನ್ನು ತಡೆಯುತ್ತವೆ. ಆದರೆ ಹೊಳಪಿನ ಅಸ್ತರಿಗೆ ಬಳಸುವ ಅಸಿಟೇಟ್ ಎಂಬ ನೂಲು ಅಸಿಟೋನ್‌ನಲ್ಲಿ ಕರಗಿಯೇ ಹೋಗುತ್ತದೆ. ಕಲೆಯ ಜಾಗದಲ್ಲಿ ತೂತು ಉಳಿಯುತ್ತದೆ! ಕೆಲವು ಪ್ಲಾಸ್ಟಿಕ್ ಗುಂಡಿಗಳೂ ಮಂಕಾಗುತ್ತವೆ.

ಜೆಲ್ ಪೆನ್ನಿನ ಕಲೆ ಮಾತ್ರ ಈ ಉಪಾಯಕ್ಕೆ ಅನೇಕ ಸಲ ಜಗ್ಗುವುದಿಲ್ಲ. ಅದರಲ್ಲಿ ಹೆಚ್ಚಾಗಿ ಇರುವುದು ಕರಗದ ಬಣ್ಣದ ಪುಡಿ.

ನಂಬಿಕೆ ಬರಲಿಲ್ಲವೇ? ಹಳೆಯ ಬಿಳಿ ಬಟ್ಟೆಯ ಮೇಲೆ ಬಾಲ್‌ಪೆನ್ನಿನಿಂದ ಎರಡು ಚುಕ್ಕೆ ಇಡಿ. ಒಂದಕ್ಕೆ ನೀರಿನ ಹನಿ, ಇನ್ನೊಂದಕ್ಕೆ ಸ್ಯಾನಿಟೈಸರ್ ಹನಿ ಹಾಕಿ. ಯಾವುದರ ಸುತ್ತ ನೀಲಿ ಬಳೆ ಹರಡುತ್ತದೆ, ನೀವೇ ನೋಡಿ.