ಪೈಲಟ್ ಅಧ್ಯಯನವನ್ನು ಏನು ಕೇಳಬೇಕು?

ಹೊಸ ಚಿಕಿತ್ಸೆಯೊಂದನ್ನು ನೂರಾರು ರೋಗಿಗಳಲ್ಲಿ ಪರೀಕ್ಷಿಸುವ ಮುನ್ನ ಸಂಶೋಧಕರು ಸಣ್ಣದೊಂದು ಪೈಲಟ್ ಅಧ್ಯಯನ ಮಾಡುತ್ತಾರೆ. ದೊಡ್ಡ ಅಧ್ಯಯನ ನಡೆಸಲು ಸಾಧ್ಯವೇ ಎಂದು ತಿಳಿಯುವುದು ಇದರ ಉದ್ದೇಶ. ಆದರೆ ವರದಿ ಬರೆಯುವ ಹೊತ್ತಿಗೆ ಇದು ಮರೆತುಹೋಗಿ, ಚಿಕಿತ್ಸೆ ಫಲ ಕೊಟ್ಟಿತೇ ಎಂಬ ಪರೀಕ್ಷೆ ಮತ್ತು ಅದರ ಪಿ-ಮೌಲ್ಯವೇ ಮುಂದೆ ಬಂದು ಕೂರುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಮಂಡಿನೋವಿಗೆ ಯೋಗ ತರಗತಿಯಿಂದ ಪ್ರಯೋಜನವಿದೆಯೇ ಎಂದು ನೋಡಬೇಕು. ಒಂದು ಆಸ್ಪತ್ರೆಯಲ್ಲಿ 5 ತಿಂಗಳಲ್ಲಿ 60 ಅರ್ಹ ರೋಗಿಗಳು ಸಿಕ್ಕರು, 40 ಮಂದಿ ಒಪ್ಪಿದರು. ಚೀಟಿ ಎತ್ತಿದ ಹಾಗೆ 20 ಜನರನ್ನು ಯೋಗಕ್ಕೆ, 20 ಜನರನ್ನು ಎಂದಿನ ಚಿಕಿತ್ಸೆಗೆ ಹಂಚಲಾಯಿತು. ಮೂರು ತಿಂಗಳ ಕೊನೆಗೆ ಉಳಿದವರು 30 ಮಂದಿ.

ಹತ್ತು ಅಂಕಗಳ ನೋವಿನ ಅಳತೆಯಲ್ಲಿ ಯೋಗದ ಗುಂಪಿಗೆ ಸರಾಸರಿ 1 ಅಂಕದಷ್ಟು ಹೆಚ್ಚು ಆರಾಮ ಸಿಕ್ಕಿದೆ ಎನ್ನೋಣ. ಅದರ ಶೇ. 95ರ ವಿಶ್ವಾಸಾಂತರ −0.4ರಿಂದ 2.4. ಅಂದರೆ ಒಳ್ಳೆಯ ಲಾಭವೂ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇದನ್ನು ‘ಪರಿಣಾಮವಿಲ್ಲ’ ಎಂದು ಬರೆದರೆ ತಪ್ಪು. ‘ಭರವಸೆ ಮೂಡಿಸುತ್ತದೆ’ ಎಂದು ಹಿಗ್ಗಿದರೂ ಅಷ್ಟೇ ತಪ್ಪು. ಅಂದಾಜು ಮತ್ತು ಅದರ ವ್ಯಾಪ್ತಿಯನ್ನು ಹಾಗೆಯೇ ಕೊಟ್ಟು ಸುಮ್ಮನಾಗಬೇಕು.

ನಿಜವಾದ ಸುದ್ದಿ ಇರುವುದು ಆ 40 ಮತ್ತು 30ರಲ್ಲಿ. ಉಳಿದವರು ಶೇ. 75. ಇಷ್ಟು ಕಡಿಮೆ ಜನರಿಂದ ಬಂದ ಅಂದಾಜಾದ್ದರಿಂದ ಅದರ ವಿಶ್ವಾಸಾಂತರ ಸುಮಾರು ಶೇ. 60ರಿಂದ 86. ದೊಡ್ಡ ಅಧ್ಯಯನದ ಕೊನೆಗೆ 300 ಜನ ಉಳಿಯಬೇಕಿದ್ದರೆ, ಶೇ. 75ರ ಲೆಕ್ಕದಲ್ಲಿ 400 ಮಂದಿಯನ್ನು ಸೇರಿಸಿಕೊಳ್ಳಬೇಕು, ನಿಜಸ್ಥಿತಿ ಶೇ. 60 ಆಗಿದ್ದರೆ 500 ಬೇಕು. ತಿಂಗಳಿಗೆ 8 ಜನ ಸೇರುತ್ತಿದ್ದರೆ ಅಷ್ಟಕ್ಕೇ ನಾಲ್ಕರಿಂದ ಐದು ವರ್ಷ ಹಿಡಿಯುತ್ತದೆ. ಒಂದೇ ಆಸ್ಪತ್ರೆಯಿಂದ ಈ ಕೆಲಸ ಆಗದು ಎಂದು ಇಲ್ಲಿಯೇ ಗೊತ್ತಾಯಿತು.

ಬಿಟ್ಟುಹೋದ 10 ಮಂದಿ ಯಾರು ಎಂಬುದೂ ಮುಖ್ಯ. ಯೋಗದ ಗುಂಪಿನಿಂದ 7, ಇನ್ನೊಂದರಿಂದ 3 ಎಂದಾದರೆ ಕಾರಣ ಹುಡುಕಲೇಬೇಕು. ತರಗತಿ ಬೆಳಗ್ಗೆ ಹತ್ತಕ್ಕಿದ್ದು, ಕೂಲಿಗೆ ಹೋಗುವವರು ಬರಲಾಗದೆ ಬಿಟ್ಟಿದ್ದರೆ, ಉಳಿದವರ ನೋವಿನ ಅಂಕವನ್ನಷ್ಟೇ ಹೋಲಿಸುವುದರಿಂದ ದಾರಿ ತಪ್ಪುತ್ತೇವೆ. ಸಮಯ ಬದಲಿಸುವುದು ಇಲ್ಲಿ ಯಾವ ಪಿ-ಮೌಲ್ಯಕ್ಕಿಂತಲೂ ದೊಡ್ಡ ಫಲಿತಾಂಶ.

ಪೈಲಟ್ ಅಧ್ಯಯನಗಳ ವರದಿಗಾಗಿಯೇ 2016ರಲ್ಲಿ ಕನ್ಸಾರ್ಟ್ ಮಾರ್ಗಸೂಚಿಯ ವಿಸ್ತರಣೆ ಪ್ರಕಟವಾಯಿತು. ಮುಂದುವರಿಯಲು ಎಷ್ಟು ಮಂದಿ ಸೇರಬೇಕು, ಎಷ್ಟು ಮಂದಿ ಉಳಿಯಬೇಕು ಎಂಬ ಮಾನದಂಡ ಮೊದಲೇ ಇದ್ದಿದ್ದರೆ ಅದನ್ನು ವರದಿಯಲ್ಲಿ ತಿಳಿಸಬೇಕು ಎನ್ನುತ್ತದೆ ಅದು. ಫಲಿತಾಂಶ ಕೈಗೆ ಬಂದ ಮೇಲೆ ಗೆರೆ ಎಳೆದರೆ ಎಲ್ಲ ಅಧ್ಯಯನಗಳೂ ಪಾಸಾಗಿಬಿಡುತ್ತವೆ. ಹಾಗಾಗಿ ಪೈಲಟ್ ವರದಿಯೊಂದನ್ನು ಓದುವಾಗ ಮೊದಲು ಆ ಗೆರೆ ಎಲ್ಲಿದೆ, ಅದನ್ನು ಯಾವಾಗ ಎಳೆದರು ಎಂದು ನೋಡಿ.