ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ ಬೇಡವೇ?

1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ ಹೃದಯಾಘಾತದ ಶಂಕೆಯಿದ್ದ 17,187 ರೋಗಿಗಳಿದ್ದರು. ಆಸ್ಪಿರಿನ್‌ನಿಂದ ಐದು ವಾರಗಳಲ್ಲಿ ಹೃದಯ-ರಕ್ತನಾಳ ಸಂಬಂಧಿ ಸಾವುಗಳು ಶೇ. 23ರಷ್ಟು ಇಳಿದವು. ಉಪಗುಂಪುಗಳನ್ನು ನಂಬುವ ಅಪಾಯ ತೋರಿಸಲು ಸಂಶೋಧಕರು ರೋಗಿಗಳನ್ನು ಜನ್ಮರಾಶಿಯಂತೆ ವಿಂಗಡಿಸಿದರು. ಮಿಥುನ, ತುಲಾದವರಿಗೆ ಲಾಭವೇ ಕಾಣಲಿಲ್ಲ! ಹನ್ನೆರಡು ತುಂಡು ಮಾಡಿದರೆ ಪ್ರತಿ ತುಂಡಿನಲ್ಲೂ ಜನ ಕಡಿಮೆ. ಒಂದೆರಡು ಆಕಸ್ಮಿಕವಾಗಿಯೇ ತಿರುಗಿಬೀಳುತ್ತವೆ. ಹಾಗಾಗಿ ಇಂಥವು ಮುಂದಿನ ಪ್ರಯೋಗಕ್ಕೆ ಸುಳಿವು ಮಾತ್ರ.

ಒಂದು ಗುಂಪಿನಲ್ಲಿ ಫಲ ಖಚಿತ, ಇನ್ನೊಂದರಲ್ಲಿ ಅಲ್ಲ ಎಂದರೆ ಸಾಲದು. ಎರಡು ಫಲಗಳ ಅಂತರವನ್ನೇ ಅಳೆಯಬೇಕು. ಅದೇ ಇಂಟರ್‌ಆಕ್ಷನ್ ಪರೀಕ್ಷೆ. ಅದರ ಪಿ-ಮೌಲ್ಯ ಚಿಕ್ಕದಿದ್ದರೂ, ಗುಂಪನ್ನು ಮೊದಲೇ ಘೋಷಿಸಿದ್ದರೇ, ಒಟ್ಟು ಎಷ್ಟು ಗುಂಪು ನೋಡಿದರು ಎಂದು ಕೇಳಿ. ದೊಡ್ಡದಿದ್ದರೆ ವ್ಯತ್ಯಾಸವೇ ಇಲ್ಲವೆಂದು ಸಾಬೀತಾಗುವುದಿಲ್ಲ: ಮುಖ್ಯ ಫಲದಷ್ಟೇ ದೊಡ್ಡ ಅಂತರ ಹಿಡಿಯಲು ಸುಮಾರು ನಾಲ್ಕು ಪಟ್ಟು ರೋಗಿಗಳು ಬೇಕು.