ಚಿನ್ನದ ಪರಮಾಣುವಿಗೆ ಎಷ್ಟು ಹತ್ತಿರ ಹೋಗಬಹುದು?

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಎಣಿಕೆಗೆ ಕೂರುವವರು ಮೊದಲು ಕತ್ತಲೆಯಲ್ಲಿ ಸುಮ್ಮನೆ ಕಾಯಬೇಕಿತ್ತು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸತುವಿನ ಸಲ್ಫೈಡ್ ಬಳಿದ ಪುಟ್ಟ ತೆರೆಯ ಮೇಲೆ ಅಲ್ಲೊಂದು ಇಲ್ಲೊಂದು ಮಿಣುಕು. ಪ್ರತಿ ಮಿಣುಕೂ ತೆರೆಗೆ ಬಂದು ಬಡಿದ ಒಂದು ಆಲ್ಫಾ ಕಣ. ನಿಮಿಷಕ್ಕೆ ತೊಂಬತ್ತರ ಆಚೆಗೆ ಹೋದರೆ ಲೆಕ್ಕ ತಪ್ಪುತ್ತದೆ, ಐದಕ್ಕಿಂತ ಕಡಿಮೆಯಾದರೆ ಗಮನ ಜಾರುತ್ತದೆ. ಹಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡೆನ್ ಹೀಗೆ ಕೂತು ಎಣಿಸಿದ್ದು ಒಂದು ಲಕ್ಷಕ್ಕೂ ಹೆಚ್ಚು ಮಿಣುಕುಗಳನ್ನು.

ಇದು ಶುರುವಾದದ್ದು 1909ರಲ್ಲಿ. ಮಾರ್ಸ್‌ಡೆನ್ ಆಗಿನ್ನೂ ಇಪ್ಪತ್ತು ವರ್ಷದ ವಿದ್ಯಾರ್ಥಿ. ಲೋಹದ ಮೇಲೆ ಬಿದ್ದ ಆಲ್ಫಾ ಕಣಗಳಲ್ಲಿ ಯಾವುದಾದರೂ ಹಿಂದಕ್ಕೆ ಮರಳುತ್ತದೆಯೇ ನೋಡಿ ಎಂದು ಪ್ರಾಧ್ಯಾಪಕ ಅರ್ನೆಸ್ಟ್ ರುದರ್‌ಫರ್ಡ್ ಅವನಿಗೆ ಹೇಳಿದ್ದರು. ಮರಳುತ್ತಿದ್ದವು. ಪ್ಲಾಟಿನಂ ತಗಡಿನ ಮೇಲೆ ಬಿದ್ದ ಸುಮಾರು ಎಂಟು ಸಾವಿರ ಕಣಗಳಲ್ಲಿ ಒಂದು, ಬಂದ ದಿಕ್ಕಿಗೇ ತಿರುಗುತ್ತಿತ್ತು. 0.00004 ಸೆಂಟಿಮೀಟರ್ ದಪ್ಪದ ಚಿನ್ನದ ರೇಕಿನಲ್ಲಿ ಸುಮಾರು ಇಪ್ಪತ್ತು ಸಾವಿರಕ್ಕೊಂದು ಕಣ ಸರಾಸರಿ 90 ಡಿಗ್ರಿಯಷ್ಟು ತಿರುಗುತ್ತಿತ್ತು. ಉಳಿದವು ಏನೂ ಆಗದವರಂತೆ, ಹೆಚ್ಚೆಂದರೆ ಒಂದೆರಡು ಡಿಗ್ರಿ ವಾಲಿ, ರೇಕನ್ನು ದಾಟಿ ಹೋಗುತ್ತಿದ್ದವು.

ಇಪ್ಪತ್ತು ಸಾವಿರಕ್ಕೆ ಒಂದು ಎಂಬುದು ಅಲ್ಪವೆಂದು ತೋರಬಹುದು. ಆದರೆ ಅಂದು ಒಪ್ಪಿತವಾಗಿದ್ದ ಚಿತ್ರದಲ್ಲಿ ಆ ಒಂದಕ್ಕೂ ಜಾಗವಿರಲಿಲ್ಲ. ಜೆ.ಜೆ. ಥಾಮ್ಸನ್ ಪ್ರಕಾರ ಪರಮಾಣುವಿನ ಧನ ವಿದ್ಯುದಂಶ ಇಡೀ ಗೋಲದ ತುಂಬ ಸಮನಾಗಿ ಹರಡಿತ್ತು, ಅದರೊಳಗೆ ಎಲೆಕ್ಟ್ರಾನುಗಳು ಹುದುಗಿದ್ದವು. ಎಲೆಕ್ಟ್ರಾನ್ ಆಲ್ಫಾ ಕಣಕ್ಕಿಂತ ಏಳು ಸಾವಿರ ಪಟ್ಟು ಹಗುರ, ಅದು ಆಲ್ಫಾ ಕಣವನ್ನು ಹಿಂದಕ್ಕೆ ತಳ್ಳಲಾರದು. ಉಳಿದದ್ದು ಹರಡಿಕೊಂಡ ಧನ ವಿದ್ಯುದಂಶ. ಅದರ ವಿಕರ್ಷಣೆಯನ್ನು ಎದುರಿಸಿ ಚಿನ್ನದ ಗೋಲದ ನಟ್ಟನಡುವಿಗೆ ನುಗ್ಗಲು ಆಲ್ಫಾ ಕಣಕ್ಕೆ ತಗಲುವ ಶಕ್ತಿ ಹೆಚ್ಚೆಂದರೆ ಎರಡೂವರೆ ಸಾವಿರ ಎಲೆಕ್ಟ್ರಾನ್ ವೋಲ್ಟ್. ಮ್ಯಾಂಚೆಸ್ಟರಿನಲ್ಲಿ ಬಳಸಿದ ಅತಿ ವೇಗದ ಕಣಗಳ ಬಳಿ ಇದ್ದದ್ದು ಸುಮಾರು 77 ಲಕ್ಷ. ಮೂರು ಸಾವಿರ ಪಟ್ಟು ಶಕ್ತಿಯಿರುವ ಕಣ ಅಲ್ಲಿ ನಿಲ್ಲುವ ಮಾತೇ ಇಲ್ಲ.

ಹಾಗಾದರೆ ಅದನ್ನು ನಿಲ್ಲಿಸಲು ಏನು ಬೇಕು? ಪ್ರಶ್ನೆಯನ್ನು ಹೀಗೆ ತಿರುಗಿಸಿಕೊಂಡದ್ದರಲ್ಲೇ ರುದರ್‌ಫರ್ಡ್ ಅವರ ಹೆಚ್ಚುಗಾರಿಕೆ ಇದೆ. ವಿದ್ಯುದಂಶ ಅಷ್ಟೇ ಇರಲಿ, ಆದರೆ ಅದನ್ನು ಒಂದೇ ಕಡೆ ಒತ್ತಾಗಿ ಕೂಡಿಟ್ಟರೆ? ಆಗ ಆಲ್ಫಾ ಕಣ ಹತ್ತಿರ ಸರಿದಷ್ಟೂ ವಿಕರ್ಷಣೆ ಏರುತ್ತ ಹೋಗುತ್ತದೆ, ದೂರ ಅರ್ಧವಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಮೇಲಕ್ಕೆ ಎಸೆದ ಕಲ್ಲು ತನ್ನ ವೇಗವನ್ನೆಲ್ಲ ಕಳೆದುಕೊಂಡು ಒಂದು ಕ್ಷಣ ನಿಂತು ಕೆಳಗೆ ಬೀಳುವಂತೆ, ನೇರವಾಗಿ ನುಗ್ಗಿದ ಆಲ್ಫಾ ಕಣವೂ ಒಂದು ಬಿಂದುವಿನಲ್ಲಿ ನಿಂತು, ಬಂದ ದಾರಿಯಲ್ಲೇ ಹಿಂದಿರುಗಬೇಕು. ಕೇಂದ್ರದಿಂದ ಆ ಬಿಂದುವಿಗೆ ಇರುವ ಅಂತರವೇ ಕನಿಷ್ಠ ಸಮೀಪದ ದೂರ.

ಅದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ನಿಂತ ಕ್ಷಣದಲ್ಲಿ ಕಣದ ಚಲನಶಕ್ತಿಯೆಲ್ಲವೂ ವಿದ್ಯುತ್ ವಿಕರ್ಷಣೆಯ ಶಕ್ತಿಯಾಗಿ ಮಾರ್ಪಟ್ಟಿರುತ್ತದೆ. ಎರಡನ್ನೂ ಸಮವೆಂದು ಬರೆದರೆ ಸಿಗುವ ಸೂತ್ರ ಇಷ್ಟೇ:

d = 2.88 × Z / E

ಇಲ್ಲಿ Z ಪರಮಾಣು ಸಂಖ್ಯೆ, E ಎಂಬುದು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಆಲ್ಫಾ ಕಣದ ಶಕ್ತಿ. ಉತ್ತರ ಬರುವುದು ಫೆಮ್ಟೋಮೀಟರಿನಲ್ಲಿ, ಅಂದರೆ ಮಿಲಿಮೀಟರಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು. ಚಿನ್ನದ ಪರಮಾಣು ಸಂಖ್ಯೆ 79. ಅದನ್ನು 2.88ರಿಂದ ಗುಣಿಸಿ 7.7ರಿಂದ ಭಾಗಿಸಿದರೆ ಹತ್ತಿರ ಹತ್ತಿರ 30. ಚಿನ್ನದ ಪರಮಾಣುವಿನ ತ್ರಿಜ್ಯ 1,44,000 ಫೆಮ್ಟೋಮೀಟರ್. ಅಂದರೆ ಪರಮಾಣುವಿನ ಅಂಚಿನಿಂದ ಕೇಂದ್ರದವರೆಗಿನ ದಾರಿಯಲ್ಲಿ ಐದು ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಾಗ ಕಣ ನಿಂತಿತು. ಧನ ವಿದ್ಯುದಂಶವೆಲ್ಲ ಆ ಉಳಿದ ಪಾಲಿನೊಳಗೇ ಇರಬೇಕು.

1911ರ ಪ್ರಬಂಧದಲ್ಲಿ ರುದರ್‌ಫರ್ಡ್ ಕೊಟ್ಟ ಅಂತರ 34 ಫೆಮ್ಟೋಮೀಟರಿಗೆ ಸಮ. ಪರಮಾಣು ಸಂಖ್ಯೆಯ ಅರ್ಥ ಆಗಿನ್ನೂ ಗೊತ್ತಿರಲಿಲ್ಲ, ಚಿನ್ನದ ಕೇಂದ್ರದಲ್ಲಿ ಸುಮಾರು ನೂರು ಏಕಮಾನ ವಿದ್ಯುದಂಶ ಇದೆಯೆಂದು ಅವರು ಹಿಡಿದಿದ್ದರು. ಇನ್ನೊಂದು ಸಂಗತಿ ಪಠ್ಯಪುಸ್ತಕಗಳಲ್ಲಿ ಬಿಟ್ಟುಹೋಗುತ್ತದೆ. ಕೇಂದ್ರದ ವಿದ್ಯುದಂಶ ಧನವೋ ಋಣವೋ ಎಂಬುದನ್ನು ಆ ಪ್ರಬಂಧ ಖಚಿತವಾಗಿ ಹೇಳಲೇ ಇಲ್ಲ. ಕೇಂದ್ರ ಕಣವನ್ನು ದೂಡಿದರೂ ಸೆಳೆದರೂ ಚದುರುವ ಕೋನಗಳ ಲೆಕ್ಕ ಒಂದೇ ಆಗಿಬಿಡುತ್ತದೆ! ತನ್ನ ಅಳತೆ ಎಲ್ಲಿಯವರೆಗೆ ಮಾತಾಡಬಲ್ಲದೋ ಅಲ್ಲಿಗೇ ನಿಂತ ಆ ಶಿಸ್ತು ಮೆಚ್ಚತಕ್ಕದ್ದು.

ಒಂದೆರಡು ಕಣ ಹಿಂದಿರುಗಿದ ಮಾತ್ರಕ್ಕೆ ಸಿದ್ಧಾಂತ ನಿಲ್ಲುವುದಿಲ್ಲ, ಎಲ್ಲ ಕೋನಗಳಲ್ಲೂ ಲೆಕ್ಕ ಕೂಡಬೇಕು. ಚದುರಿದ ಕೋನದ ಅರ್ಧದ ಸೈನ್ ತೆಗೆದುಕೊಂಡು, ಅದರ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಕಣಗಳ ಸಂಖ್ಯೆ ಇರಬೇಕೆಂದು ರುದರ್‌ಫರ್ಡ್ ಹೇಳಿದ್ದರು. ಅದರಂತೆ 60 ಡಿಗ್ರಿಯಲ್ಲಿ ಕಾಣುವ ಕಣಗಳು 120 ಡಿಗ್ರಿಯಲ್ಲಿ ಕಾಣುವುದರ ಒಂಬತ್ತು ಪಟ್ಟಿರಬೇಕು. ಗೈಗರ್ ಮತ್ತು ಮಾರ್ಸ್‌ಡೆನ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ಗಾಳಿ ತೆಗೆದ ಲೋಹದ ಡಬ್ಬಿ, ನಡುವೆ ಅಲುಗದ ರೇಕು, ಅದರ ಸುತ್ತ ಡಬ್ಬಿಯೊಂದಿಗೇ ತಿರುಗುವ ತೆರೆ ಮತ್ತು ಸೂಕ್ಷ್ಮದರ್ಶಕ. ಕಣಗಳ ಮೂಲವಾದ ರೇಡಾನ್ ಅನಿಲ ನಾಲ್ಕು ದಿನ ತುಂಬುವ ಮೊದಲೇ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಬೇರೆ ಬೇರೆ ಹೊತ್ತಿನ ಎಣಿಕೆಗಳನ್ನು ಸರಿದೂಗಿಸಿಕೊಳ್ಳಬೇಕಿತ್ತು. 1913ರಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿ 120 ಡಿಗ್ರಿಗೆ 51.9, 60 ಡಿಗ್ರಿಗೆ 477. ಭಾಗಿಸಿದರೆ 9.2.

ಆದರೆ 30 ಫೆಮ್ಟೋಮೀಟರ್ ಎಂಬುದು ಚಿನ್ನದ ಬೀಜಕೇಂದ್ರದ ಗಾತ್ರವಲ್ಲ. ಬೀಜಕೇಂದ್ರ ಅದಕ್ಕಿಂತ ದೊಡ್ಡದಿರಲಾರದು ಎಂದಷ್ಟೇ ಅದರ ಅರ್ಥ. ನಿಜವಾದ ತ್ರಿಜ್ಯ ಸುಮಾರು 7 ಫೆಮ್ಟೋಮೀಟರ್. ಮ್ಯಾಂಚೆಸ್ಟರಿನ ಒಂದೇ ಒಂದು ಆಲ್ಫಾ ಕಣವೂ ಚಿನ್ನದ ಬೀಜಕೇಂದ್ರವನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ತಿಳಿಯುವುದು ಹೇಗೆ? ಎಣಿಕೆ ಸೂತ್ರವನ್ನು ಬಿಟ್ಟು ಜಾರುತ್ತದೆ, ಯಾಕೆಂದರೆ ಅಲ್ಲಿ ವಿದ್ಯುತ್ ವಿಕರ್ಷಣೆಯ ಜೊತೆಗೆ ಬೀಜಕೇಂದ್ರದ ಬೇರೊಂದು ಪ್ರಬಲ ಸೆಳೆತವೂ ಕೆಲಸ ಮಾಡತೊಡಗುತ್ತದೆ.

ಹಗುರ ಧಾತುಗಳಲ್ಲಿ ಅಷ್ಟು ಹತ್ತಿರ ಹೋಗುವುದು ಸುಲಭ. ಅಲ್ಯೂಮಿನಿಯಮ್ಮಿನ ಪರಮಾಣು ಸಂಖ್ಯೆ 13, ಅದೇ ಸೂತ್ರದಲ್ಲಿ ಹಾಕಿದರೆ ದೂರ 5 ಫೆಮ್ಟೋಮೀಟರಿಗಿಂತ ಕಡಿಮೆ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂಗಳ ಮೇಲೆ ಮಾಡಿದ ಎಣಿಕೆಗಳು ಸೂತ್ರದಿಂದ ದೂರ ಸರಿದದ್ದು ಇದೇ ಕಾರಣಕ್ಕೆ. ಭಾರಿ ಧಾತುಗಳಿಗೆ ರೇಡಿಯಂ ಕೊಡುವ ವೇಗ ಸಾಲದು, ಸೈಕ್ಲೊಟ್ರಾನ್ ಬರುವವರೆಗೆ ಕಾಯಬೇಕಾಯಿತು. 1954ರಲ್ಲಿ ಫಾರ್ವೆಲ್ ಮತ್ತು ವೆಗ್ನರ್ ಎಂಬ ವಿಜ್ಞಾನಿಗಳು ಸೀಸದ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ, ಶಕ್ತಿಯನ್ನು ಏರಿಸುತ್ತ, 60 ಡಿಗ್ರಿಯಲ್ಲಿ ಎಷ್ಟು ಚದುರುತ್ತವೆಂದು ಎಣಿಸಿದರು. ಸುಮಾರು 27 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ತನಕ ರುದರ್‌ಫರ್ಡ್ ಸೂತ್ರ ಹೇಳಿದಷ್ಟೇ ಕಣಗಳು ಬಂದವು. ಅದರಾಚೆ ಎಣಿಕೆ ಕಡಿದಾಗಿ ಕುಸಿಯಿತು. ಆ ಕೋನದಲ್ಲಿ, ಆ ಶಕ್ತಿಯಲ್ಲಿ ಕಣ ಸೀಸದ ಕೇಂದ್ರದಿಂದ 13 ಫೆಮ್ಟೋಮೀಟರಿನಷ್ಟು ಹತ್ತಿರ ಹೋಗಿರುತ್ತದೆ. ಇನ್ನೂ ಒಳಗೆ ಹೋದವು ಬೀಜಕೇಂದ್ರದ ಸೆಳೆತಕ್ಕೆ ಸಿಕ್ಕಿ, ಎಣಿಸುವ ಉಪಕರಣದ ಕಡೆಗೆ ಮರಳಲಿಲ್ಲ.